ಮೂವತ್ತನೇ ವಾರದಲ್ಲಿ ಹಿಮೋಗ್ಲೋಬಿನ್ 7.6: ಮಾತ್ರೆ ಸಾಕೇ, ಡ್ರಿಪ್ ಬೇಕೇ?

ಪ್ರಶ್ನೆ: ನನಗೆ 24 ವರ್ಷ, ಚೊಚ್ಚಲ ಬಸಿರು, ಈಗ 30 ವಾರ. ಬಸಿರಾಗುವ ಮುಂಚೆ 46 ಕೆ.ಜಿ. ಇದ್ದೆ. ನಾಲ್ಕನೇ ತಿಂಗಳಲ್ಲಿ ಹಿಮೋಗ್ಲೋಬಿನ್ 9.1 ಇತ್ತು, ಮೊನ್ನೆ ನೋಡಿದರೆ 7.6. ಕೆಂಪು ಮಾತ್ರೆಯನ್ನು ರಾತ್ರಿ ಊಟ ಆದಮೇಲೆ ಕ್ಯಾಲ್ಸಿಯಂ ಮಾತ್ರೆ ಜೊತೆಗೇ ಹಾಲು ಕುಡಿದು ನುಂಗುತ್ತೇನೆ. ಹೊಟ್ಟೆ ತೊಳಸಿದರೆ ಎರಡು ಮೂರು ದಿನ ಬಿಡುತ್ತೇನೆ. ಗ್ಯಾಸ್ ಮಾತ್ರೆಯೂ ನಡೆದಿದೆ. ಡಾಕ್ಟರು ಐರನ್ ಡ್ರಿಪ್ ಹಾಕಿಸಿಕೊಳ್ಳಿ ಅಂದಿದ್ದಾರೆ. ನಮ್ಮತ್ತೆ, ಇಂಜೆಕ್ಷನ್ ಬೇಡ, ರಾಗಿ, ಬೀಟ್‌ರೂಟ್, ದಾಳಿಂಬೆ, ಖರ್ಜೂರ ತಿಂದರೆ ಸಾಕು, ಮಾತ್ರೆಯಿಂದ ಮಗು ಕಪ್ಪಾಗುತ್ತೆ ಅಂತಾರೆ. ಹೆರಿಗೆಯಲ್ಲಿ ಏನಾದರೂ ತೊಂದರೆ ಆಗುತ್ತಾ?

ಉತ್ತರ: ಡ್ರಿಪ್ ಹಾಕಿಸಿಕೊಳ್ಳಿ, ಈ ವಾರವೇ. ಹದಿನೈದನೇ ವಾರದಲ್ಲಿ ಕೇಳಿದ್ದರೆ ಮೊದಲು ಮಾತ್ರೆಯನ್ನೇ ಸರಿಯಾಗಿ ನುಂಗಿ ನೋಡಿ ಎನ್ನಬಹುದಿತ್ತು. ಈಗ ಉಳಿದಿರುವುದು ಹೆಚ್ಚೆಂದರೆ ಹತ್ತು ವಾರ. ಚೊಚ್ಚಲ ಹೆರಿಗೆ 37ನೇ ವಾರದಲ್ಲೇ ಆಗಿಬಿಟ್ಟರೆ ಏಳು ವಾರ. ಮಾತ್ರೆಯೋ ಡ್ರಿಪ್ಪೋ ಎಂಬುದನ್ನು ತೀರ್ಮಾನಿಸುವುದು ಹಿಮೋಗ್ಲೋಬಿನ್ ಸಂಖ್ಯೆ ಮಾತ್ರವಲ್ಲ, ಕ್ಯಾಲೆಂಡರ್ ಕೂಡ.

ಬಸುರಿಯರಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತೇವೆ. 10ರಿಂದ 10.9ರವರೆಗೆ ಸೌಮ್ಯ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನೀವು ಮಧ್ಯಮದ ಕೊನೆಯ ಮೆಟ್ಟಿಲಲ್ಲಿದ್ದೀರಿ, ತೀವ್ರಕ್ಕೆ ಇನ್ನು 0.6 ಮಾತ್ರ ಬಾಕಿ. 9.1ರಿಂದ 7.6ಕ್ಕೆ ಇಳಿದದ್ದರಲ್ಲಿ ಒಂದು ಪಾಲು ಸಹಜವಾದದ್ದು. ಬಸಿರಿನಲ್ಲಿ ರಕ್ತದ ನೀರಿನಂಶ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ. ಹೀಗಾಗಿ ರಕ್ತ ತೆಳುವಾಗುತ್ತದೆ. ಬಸುರಿಯರ ಗಡಿಯನ್ನು ಉಳಿದ ಹೆಂಗಸರ ಹಾಗೆ 12ಕ್ಕೆ ಇಡದೆ 11ಕ್ಕೆ ಇಟ್ಟಿರುವುದೂ ಇದಕ್ಕೇ. ಆದರೆ ಒಂದೂವರೆ ಗ್ರಾಂ ಇಳಿಕೆಯನ್ನು ಪೂರ್ತಿ ಇದರ ತಲೆಗೆ ಕಟ್ಟುವಂತಿಲ್ಲ. ನಿಮ್ಮ ದೇಹದ ಕಬ್ಬಿಣದ ಉಗ್ರಾಣ ಬರಿದಾಗಿದೆ.

ಎಷ್ಟು ಬರಿದಾಗಿದೆ ಎಂದು ಲೆಕ್ಕ ಹಾಕಲು ಒಂದು ಹಳೆಯ ಸೂತ್ರವಿದೆ. ಬಸಿರಾಗುವ ಮುಂಚಿನ ತೂಕವನ್ನು, ತಲುಪಬೇಕಾದ ಹಿಮೋಗ್ಲೋಬಿನ್‌ಗೂ ಈಗಿರುವುದಕ್ಕೂ ಇರುವ ಅಂತರದಿಂದ ಗುಣಿಸಿ, ಅದನ್ನು 2.4ರಿಂದ ಗುಣಿಸಬೇಕು. ಉಗ್ರಾಣ ತುಂಬಲು 500 ಸೇರಿಸಬೇಕು. ನಿಮ್ಮದು ಹೀಗಾಗುತ್ತದೆ: 11ರಲ್ಲಿ 7.6 ಕಳೆದರೆ 3.4. 46 × 3.4 × 2.4 ಅಂದರೆ 375. ಅದಕ್ಕೆ 500 ಸೇರಿಸಿದರೆ 875 ಮಿಲಿಗ್ರಾಂ. ಇದು ಹೊಟ್ಟೆಗೆ ಹೋಗಬೇಕಾದ ಕಬ್ಬಿಣವಲ್ಲ, ರಕ್ತಕ್ಕೆ ಸೇರಲೇಬೇಕಾದ ಕಬ್ಬಿಣ. ಈ ವ್ಯತ್ಯಾಸ ಹಿಡಿದುಕೊಂಡರೆ ಅತ್ತೆಯವರ ಮಾತಿಗೂ ಡಾಕ್ಟರ ಮಾತಿಗೂ ಇರುವ ಅಂತರ ತಾನಾಗಿ ತಿಳಿಯುತ್ತದೆ.

ಊಟದಿಂದಲೇ ಶುರು ಮಾಡೋಣ. ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಎರಡರಿಂದ ಹತ್ತು ಪಾಲು ಮಾತ್ರ ಕರುಳಿನಿಂದ ಒಳಗೆ ಹೋಗುತ್ತದೆ. ಒಳ್ಳೆಯ ಊಟದಲ್ಲಿ ದಿನಕ್ಕೆ 25 ಮಿಲಿಗ್ರಾಂ ಕಬ್ಬಿಣ ಇದ್ದರೂ ರಕ್ತಕ್ಕೆ ದಕ್ಕುವುದು ಎರಡು ಮಿಲಿಗ್ರಾಂ ಆಸುಪಾಸು. ಕೊನೆಯ ಮೂರು ತಿಂಗಳಲ್ಲಿ ಮಗು, ಮಾಸು, ನಿಮ್ಮದೇ ಹೆಚ್ಚುವರಿ ರಕ್ತ ಇವೆಲ್ಲಕ್ಕೆ ದಿನಕ್ಕೆ ಆರು ಮಿಲಿಗ್ರಾಂ ಹತ್ತಿರ ಬೇಕು. ಅಂದರೆ ಬರೀ ಊಟದ ಮೇಲೆ ನಿಂತರೆ ಹಳೆಯ ಸಾಲ ತೀರುವುದಿರಲಿ, ದಿನವೂ ಹೊಸ ಸಾಲ ಏರುತ್ತದೆ. ಊಟ ಬೇಡವೆಂದಲ್ಲ. ಹೆರಿಗೆ ಆದಮೇಲೆ, ಮುಂದಿನ ಬಸಿರಿನವರೆಗೆ ಉಗ್ರಾಣ ಬರಿದಾಗದಂತೆ ಕಾಯುವುದು ಊಟವೇ. ಹತ್ತು ವಾರದಲ್ಲಿ 875 ಮಿಲಿಗ್ರಾಂ ತುಂಬಿಕೊಡುವ ಕೆಲಸ ಮಾತ್ರ ಅದರಿಂದ ಆಗದು.

ಅತ್ತೆಯವರು ಹೇಳಿದ ನಾಲ್ಕರಲ್ಲಿ ಬೀಟ್‌ರೂಟ್ ಮತ್ತು ದಾಳಿಂಬೆಗೆ ಹೆಸರು ಬಂದದ್ದು ಬಣ್ಣದಿಂದ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂ ಕೂಡ ಇಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ಅದರ ಕೆಂಪು ಹೂವು ಹಣ್ಣಿನ ಬಣ್ಣವೇ ಹೊರತು ಹಿಮೋಗ್ಲೋಬಿನ್ನಿನ ಕೆಂಪಲ್ಲ. ಖರ್ಜೂರ ತಿನ್ನಿ, ರುಚಿ ಇದೆ, ಮಲ ಸಲೀಸಾಗುತ್ತದೆ, ಆದರೆ ನಾಲ್ಕು ಖರ್ಜೂರದಿಂದ ಸಿಗುವ ಕಬ್ಬಿಣ ಒಂದೆರಡು ಮಿಲಿಗ್ರಾಂ ದಾಟುವುದಿಲ್ಲ. ರಾಗಿಯ ವಿಷಯ ಬೇರೆ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ನಾಲ್ಕೂವರೆ ಮಿಲಿಗ್ರಾಂ ಸುತ್ತಮುತ್ತ ಕಬ್ಬಿಣವಿದೆ. ಆದರೆ ರಾಗಿಯ ಹೊಟ್ಟಿನಲ್ಲಿರುವ ಒಗರಿನ ಅಂಶವೇ ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ರಾಗಿಯ ನಿಜವಾದ ದೊಡ್ಡತನ ಕ್ಯಾಲ್ಸಿಯಂನಲ್ಲಿದೆ. ಮುದ್ದೆ ಬಿಡಬೇಡಿ, ಅದರ ಜೊತೆಗೆ ಏನಿರುತ್ತದೆ ಎಂಬುದರ ಕಡೆ ಗಮನ ಕೊಡಿ.

ಜೊತೆಗೆ ಇರಬೇಕಾದದ್ದು ಕಾಳು ಮತ್ತು ಹುಳಿ. ಹುರುಳಿಕಾಳಿನಲ್ಲಿ ನೂರು ಗ್ರಾಂಗೆ ಎಂಟು ಮಿಲಿಗ್ರಾಂ ಸುತ್ತಮುತ್ತ ಇದೆ, ಕಡಲೆಕಾಳಿನಲ್ಲಿ ಆರೇಳು, ಅಲಸಂದೆ ಮತ್ತು ಹೆಸರುಕಾಳಿನಲ್ಲಿ ಐದರ ಸುತ್ತ. ಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ. ಹಿಟ್ಟು ಹುಳಿ ಬಂದ ಇಡ್ಲಿ, ದೋಸೆಯಲ್ಲೂ ಹೀಗೆಯೇ. ಮೊಳಕೆ ಹುರುಳಿ ಸಾರು, ಮುದ್ದೆ, ಪಕ್ಕದಲ್ಲಿ ಹರಿವೆ ಅಥವಾ ನುಗ್ಗೆ ಸೊಪ್ಪಿನ ಪಲ್ಯ, ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ಅರ್ಧ ನಿಂಬೆಹಣ್ಣು. ಕುದಿಯುವಾಗಲೇ ನಿಂಬೆ ಹಿಂಡಿದರೆ ಅದರ ವಿಟಮಿನ್ ಸಿ ಬಹುಪಾಲು ಹಾಳಾಗುತ್ತದೆ. ನಿಂಬೆ ಸೇರದವರು ಊಟದ ಜೊತೆ ಒಂದು ನೆಲ್ಲಿಕಾಯಿ ಅಥವಾ ಸೀಬೆಹಣ್ಣು ತಿನ್ನಬಹುದು, ಎರಡರಲ್ಲೂ ವಿಟಮಿನ್ ಸಿ ಧಾರಾಳ. ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣವೂ ಒಂದಿಷ್ಟು ಸೇರುತ್ತದೆ. ಮಾಂಸ ತಿನ್ನುವ ಮನೆಯಾದರೆ ಕುರಿ, ಕೋಳಿ, ಮೀನು ಒಳ್ಳೆಯದು. ಅವುಗಳ ಕಬ್ಬಿಣ ಸೊಪ್ಪಿನದಕ್ಕಿಂತ ಹಲವು ಪಟ್ಟು ಚೆನ್ನಾಗಿ ಹೀರಲ್ಪಡುತ್ತದೆ, ಅದೇ ತಟ್ಟೆಯ ಕಾಳು ಸೊಪ್ಪಿನ ಕಬ್ಬಿಣವನ್ನೂ ಒಳಗೆ ಎಳೆದೊಯ್ಯುತ್ತದೆ. ಲಿವರ್‌ನಲ್ಲಿ ಕಬ್ಬಿಣ ಜಾಸ್ತಿ ನಿಜ, ಆದರೆ ವಿಟಮಿನ್ ಎ ಬಸುರಿಗೆ ಬೇಕಾದ್ದಕ್ಕಿಂತ ತುಂಬ ಹೆಚ್ಚು. ಅದನ್ನು ರೂಢಿ ಮಾಡಿಕೊಳ್ಳಬೇಡಿ.

ಊಟ ಮುಗಿದ ತಕ್ಷಣ ಕುಡಿಯುವ ಟೀ ಈ ಶ್ರಮವನ್ನೆಲ್ಲ ಅರ್ಧಕ್ಕೂ ಹೆಚ್ಚು ಹಾಳುಮಾಡುತ್ತದೆ. ಟೀ, ಕಾಫಿ ಬೇಕೇ ಬೇಕೆಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ. ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ತಿನ್ನಬೇಕೆಂಬ ಬಯಕೆ ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಅದು ಬಸುರಿ ಬಯಕೆ ಎಂದು ನಗುವ ವಿಷಯವಲ್ಲ, ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣು ಹೊಟ್ಟೆಗೆ ಹೋದರೆ ಇರುವ ಕಬ್ಬಿಣವೂ ದಕ್ಕದೆ ಹೋಗುತ್ತದೆ, ಜಂತುಹುಳುವೂ ಸೇರಬಹುದು. ನಾಲ್ಕನೇ ತಿಂಗಳಾದ ಮೇಲೆ ಕೊಡುವ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ, ಒಂದೇ ಒಂದು, ನೀವು ತೆಗೆದುಕೊಂಡಿದ್ದೀರಾ ಎಂದು ತಾಯಿ ಕಾರ್ಡಿನಲ್ಲಿ ನೋಡಿ. ಕೊಕ್ಕೆಹುಳು ಕರುಳಿಗೆ ಕಚ್ಚಿ ದಿನವೂ ರಕ್ತ ಹೀರುತ್ತಿದ್ದರೆ ಯಾವ ಮಾತ್ರೆಯೂ ಸಾಲದು.

ಇನ್ನು ಕೆಂಪು ಮಾತ್ರೆ. ಅದು ಒಳ್ಳೆಯ ಮಾತ್ರೆ, ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇದೆ. ರಕ್ತಹೀನತೆ ಇಲ್ಲದವರಿಗೆ ದಿನಕ್ಕೆ ಒಂದು, ಇರುವವರಿಗೆ ಎರಡು. 9.1 ಇದ್ದಾಗಲೇ ನಿಮಗೆ ದಿನಕ್ಕೆ ಎರಡು ಬೇಕಿತ್ತು. ಆದರೆ ಅದಕ್ಕಿಂತ ದೊಡ್ಡ ತೊಡಕು ನುಂಗಿದ ರೀತಿಯಲ್ಲಿದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಟ್ಟಿಗೆ ಹೋದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಬಿಡುವುದಿಲ್ಲ. ಹಾಲಿನಲ್ಲಿರುವುದೂ ಅದೇ ಕ್ಯಾಲ್ಸಿಯಂ. ಕಬ್ಬಿಣ ಕರಗಿ ಹೀರಿಕೊಳ್ಳುವ ರೂಪಕ್ಕೆ ಬರಲು ಹೊಟ್ಟೆಯ ಆಮ್ಲ ಬೇಕು, ಗ್ಯಾಸ್ ಮಾತ್ರೆಯ ಕೆಲಸವೇ ಆ ಆಮ್ಲವನ್ನು ತಗ್ಗಿಸುವುದು. ಮೇಲೆ ಹೊಟ್ಟೆ ತುಂಬ ಊಟ. ನಾಲ್ಕು ಬಾಗಿಲು ಮುಚ್ಚಿದ ಮನೆಗೆ ನೆಂಟರನ್ನು ಕಳಿಸಿದ ಹಾಗಾಯಿತು. ಇದು ನಿಮ್ಮ ತಪ್ಪೆನ್ನಲಾರೆ, ಎರಡೂ ಪಟ್ಟಿಯನ್ನು ಒಟ್ಟಿಗೆ ಕೈಗಿಟ್ಟವರು ಯಾವುದು ಯಾವಾಗ ಎಂದು ಬಾಯಿಬಿಟ್ಟು ಹೇಳಬೇಕಿತ್ತು.

ಡ್ರಿಪ್ ಮುಗಿದ ಮೇಲೆ ಮತ್ತೆ ಮಾತ್ರೆಗೆ ಬರಲೇಬೇಕಾಗುತ್ತದೆ, ಆದ್ದರಿಂದ ಸರಿಯಾದ ಹೊತ್ತು ತಿಳಿದಿರಲಿ. ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆಗೆ ಹೋಗುವಂಥದ್ದು, ಒಂದು ಬೆಳಗಿನ ತಿಂಡಿಗೆ, ಇನ್ನೊಂದು ಮಧ್ಯಾಹ್ನದ ಊಟಕ್ಕೆ. ಕಬ್ಬಿಣದ್ದು ಹೊಟ್ಟೆ ಖಾಲಿ ಇರುವಾಗ: ಎಂಟೂವರೆಗೆ ತಿಂಡಿಯಾದರೆ ಹನ್ನೊಂದಕ್ಕೆ ಒಂದು, ಎಂಟಕ್ಕೆ ಊಟ ಮುಗಿದರೆ ಹತ್ತು ಗಂಟೆಗೆ ಮಲಗುವ ಮುಂಚೆ ಇನ್ನೊಂದು. ಒಂದು ಲೋಟ ನೀರಿಗೆ ನಿಂಬೆರಸ ಹಿಂಡಿಕೊಂಡು ಅದರಲ್ಲೇ ನುಂಗಿ. ಕ್ಯಾಲ್ಸಿಯಂಗೂ ಕಬ್ಬಿಣಕ್ಕೂ ನಡುವೆ ಎರಡು ಗಂಟೆ ಅಂತರವಿರಲಿ. ಗ್ಯಾಸ್ ಮಾತ್ರೆ ನಿಜವಾಗಿ ಬೇಕೇ ಎಂದು ಡಾಕ್ಟರನ್ನು ಕೇಳಿ. ರಾತ್ರಿ ಬೇಗ ಊಟ ಮಾಡಿ, ಖಾರ ಕಡಿಮೆ ಮಾಡಿ, ತಲೆದಿಂಬು ಎತ್ತರಿಸಿದರೆ ಎಷ್ಟೋ ಜನರಿಗೆ ಎದೆಯುರಿ ಅದಿಲ್ಲದೆಯೇ ಹತೋಟಿಗೆ ಬರುತ್ತದೆ.

ಹೊಟ್ಟೆ ತೊಳಸುವವರಿಗೆ ಒಂದು ಮಾತು. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಂತಿ ಮಾಡುವುದಕ್ಕಿಂತ, ಎರಡು ಇಡ್ಲಿ ತಿಂದು ನುಂಗಿ ಉಳಿಸಿಕೊಳ್ಳುವುದು ಮೇಲು. ಹೀರುವಿಕೆ ಸ್ವಲ್ಪ ಕಡಿಮೆಯಾದರೂ ಹೊರಗೆ ಹೋಗುವುದಿಲ್ಲ. ಹಗಲು ತಾಳದಿದ್ದರೆ ಮಲಗುವಾಗ ನುಂಗಿದರೆ ತೊಳಸುವುದು ನಿದ್ದೆಯಲ್ಲೇ ಕಳೆದುಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಎರಡು ಮೂರು ದಿನ ಬಿಡಬೇಡಿ, ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನಕ್ಕೆ ಇಳಿಸಿಕೊಳ್ಳಿ ಅಥವಾ ಬೇರೆ ಲವಣದ ಮಾತ್ರೆ ಬರೆಸಿಕೊಳ್ಳಿ. ಮಲ ಕಪ್ಪಾಗುವುದು ಸಹಜ, ಕರುಳಲ್ಲಿ ಉಳಿದ ಕಬ್ಬಿಣದ ಬಣ್ಣ ಅದು. ಮಗುವಿನ ಬಣ್ಣಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಮಗುವಿನ ಮೈಬಣ್ಣ ತಂದೆತಾಯಿಯಿಂದ ಬರುತ್ತದೆ, ಮಾತ್ರೆಯಿಂದಲ್ಲ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ಕಬ್ಬಿಣ ಕಡಿಮೆಯಾದರೆ ಮಗು ತೂಕ ಕಡಿಮೆ ಇರುತ್ತದೆ, ದಿನ ತುಂಬುವ ಮುಂಚೆಯೇ ಹುಟ್ಟುವ ಸಂಭವ ಹೆಚ್ಚು. ಮೊಮ್ಮಗು ಹೀಗೆ ಹುಟ್ಟಲಿ ಎಂದು ಯಾವ ಅಜ್ಜಿಯೂ ಬಯಸುವುದಿಲ್ಲ.

ಹೀಗೆ ಸರಿಯಾಗಿ ನುಂಗಿದರೆ ತಿಂಗಳಿಗೆ ಒಂದು ಗ್ರಾಂ, ಕೆಲವರಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಏರುತ್ತದೆ. ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ನೀವು ಇವತ್ತಿನಿಂದ ಒಂದೂ ತಪ್ಪಿಸದೆ ನುಂಗಿದರೂ 37ನೇ ವಾರಕ್ಕೆ 9ರ ಆಸುಪಾಸಿಗೆ ಬಂದು ನಿಲ್ಲುತ್ತೀರಿ. ಒಂದು ವಾರ ವಾಂತಿಯಲ್ಲಿ ಕಳೆದರೆ ಅದೂ ಇಲ್ಲ. ಡ್ರಿಪ್ ಬೇಕೆನ್ನುವುದು ಇದಕ್ಕೆ.

ಇಂಜೆಕ್ಷನ್ ಎಂದರೆ ಅತ್ತೆಯವರು ಹೆದರುವುದಕ್ಕೂ ಕಾರಣವಿರಬೇಕು. ಹಿಂದೆಲ್ಲ ಕಬ್ಬಿಣದ ಇಂಜೆಕ್ಷನ್ನನ್ನು ಸೊಂಟಕ್ಕೆ, ಮಾಂಸಖಂಡಕ್ಕೆ ಕೊಡುತ್ತಿದ್ದರು. ವಾರಗಟ್ಟಲೆ ನೋವು, ಗಂಟು, ಚರ್ಮದ ಮೇಲೆ ಕಪ್ಪು ಕಲೆ. ಆಗಿನ ಕೆಲವು ಔಷಧಿಗಳಿಗೆ ಅಲರ್ಜಿಯೂ ಜಾಸ್ತಿ. ಈಗ ಸೊಂಟಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಬೇಡವೇ ಬೇಡ. ಯಾರಾದರೂ ಹಾಗೆ ಕೊಡಲು ಬಂದರೆ ಬೇಡವೆನ್ನಿ. ಈಗಿನದು ರಕ್ತನಾಳದೊಳಗೆ ನಿಧಾನವಾಗಿ ಹೋಗುವ ಡ್ರಿಪ್, ಮುಖ್ಯವಾಗಿ ಎರಡು ಬಗೆ. ಐರನ್ ಸುಕ್ರೋಸ್‌ನಲ್ಲಿ ಒಂದು ಸಲಕ್ಕೆ 200 ಮಿಲಿಗ್ರಾಂ ಕೊಟ್ಟು, ದಿನ ಬಿಟ್ಟು ದಿನ, ವಾರಕ್ಕೆ 600 ಮೀರದಂತೆ ಹಾಕುತ್ತಾರೆ. ನಿಮ್ಮ 875ಕ್ಕೆ ನಾಲ್ಕೈದು ಸಲ ಓಡಾಟವಾಗುತ್ತದೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್, ಆಸ್ಪತ್ರೆಯಲ್ಲಿ ಎಫ್‌ಸಿಎಂ ಎನ್ನುವುದು, ಒಂದು ಸಲಕ್ಕೆ 1000 ಮಿಲಿಗ್ರಾಂವರೆಗೂ ಕೊಡಬಹುದು. ಆದರೆ ತೂಕದ ಕೆ.ಜಿ.ಗೆ 20 ಮಿಲಿಗ್ರಾಂ ಮೀರಬಾರದು, ವಾರದಲ್ಲಿ ಒಂದೇ ಸಲ. 46 ಕೆ.ಜಿ.ಗೆ ಗರಿಷ್ಠ 920 ಆಗುವುದರಿಂದ ಒಂದೇ ಕೂರುವಿಕೆಯಲ್ಲಿ ಮುಗಿಯಬಹುದು, ಅಥವಾ ಈ ವಾರ 500, ಮುಂದಿನ ವಾರ ಉಳಿದದ್ದು ಎಂದು ಡಾಕ್ಟರು ಎರಡು ಪಾಲು ಮಾಡಬಹುದು. ಎರಡೂ ಔಷಧಿ ಕೆಲಸ ಮಾಡುತ್ತವೆ. ಊರಿನಿಂದ ಆಸ್ಪತ್ರೆ ದೂರವಿದ್ದರೆ, ಐದು ಸಲ ಬಸ್ಸು ಹತ್ತುವುದು ಕಷ್ಟವಾದರೆ ಎಫ್‌ಸಿಎಂ ಇದೆಯೇ ಎಂದು ಕೇಳಿ. ಸುಕ್ರೋಸ್ ಎರಡು ಸಲ ಹಾಕಿಸಿಕೊಂಡು ಮೂರನೆಯದಕ್ಕೆ ಹೋಗದೆ ನಿಂತುಬಿಡುವವರು ಬಹಳ. ಅರ್ಧ ಸಾಲ ಹಾಗೇ ಉಳಿಯುತ್ತದೆ.

ಡ್ರಿಪ್ಪಿಗೆ ಮುಂಚೆ ಒಂದು ಪರೀಕ್ಷೆ ಆಗಿರಬೇಕು. ಬೆರಳು ಚುಚ್ಚಿ ನೋಡಿದ ಹಿಮೋಗ್ಲೋಬಿನ್ ಸಾಲದು, ತೋಳಿನಿಂದ ರಕ್ತ ತೆಗೆದು ರಕ್ತಕಣಗಳ ಪೂರ್ತಿ ಎಣಿಕೆಯಾದ ಸಿಬಿಸಿ ಮಾಡಿಸಿ, ಸಾಧ್ಯವಾದರೆ ಉಗ್ರಾಣದ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಕೂಡ. ರಿಪೋರ್ಟಿನಲ್ಲಿ ಎಂಸಿವಿ ಎಂಬ ಸಾಲು ಕೆಂಪು ಕಣದ ಗಾತ್ರ ಹೇಳುತ್ತದೆ. 80ಕ್ಕಿಂತ ಕಡಿಮೆ ಇದ್ದು ಫೆರಿಟಿನ್ 30ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆಯೇ. ಎಂಸಿವಿ 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆಯನ್ನು ಹುಡುಕಬೇಕು, ಹಾಲು ಮೊಟ್ಟೆಯನ್ನೂ ಸರಿಯಾಗಿ ತಿನ್ನದ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಅಪರೂಪವಲ್ಲ. ಕಣಗಳು ತೀರ ಚಿಕ್ಕವಿದ್ದೂ ಅವುಗಳ ಎಣಿಕೆ ಹೆಚ್ಚೇ ಇದ್ದರೆ, ಫೆರಿಟಿನ್ ಚೆನ್ನಾಗಿದ್ದರೆ, ವಂಶದಲ್ಲಿ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾದ ವಾಹಕರಿರಬಹುದು. ಆಗ ಕಬ್ಬಿಣ ಸುರಿದು ಪ್ರಯೋಜನವಿಲ್ಲ, ಹಿಮೋಗ್ಲೋಬಿನ್ನಿನ ಬಗೆ ತಿಳಿಸುವ ಎಚ್‌ಪಿಎಲ್‌ಸಿ ಪರೀಕ್ಷೆ ನಿಮಗೆ, ಬೇಕಾದರೆ ನಿಮ್ಮ ಯಜಮಾನರಿಗೂ ಆಗಬೇಕು.

ಡ್ರಿಪ್ ದಿನ ಏನಾಗುತ್ತದೆಂದರೆ, ತಿಂಡಿ ತಿಂದು ಹೋಗಿ, ಉಪವಾಸ ಬೇಕಿಲ್ಲ. ಮೊದಲು ಬಿ.ಪಿ., ನಾಡಿ, ಮಗುವಿನ ಎದೆಬಡಿತ ನೋಡುತ್ತಾರೆ. ಮುಂಗೈಯಲ್ಲಿ ಸೂಜಿ ಸರಿಯಾಗಿ ಕೂತಿದೆಯೇ ಎಂದು ಬರೀ ಸಲೈನ್ ಬಿಟ್ಟು ಪರೀಕ್ಷಿಸುತ್ತಾರೆ. ಇದು ಮುಖ್ಯ. ಔಷಧಿ ಗಾಢ ಕಂದು ಬಣ್ಣದ್ದು. ನಾಳದಿಂದ ಹೊರಗೆ ಚರ್ಮದಡಿಗೆ ಸೋರಿದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ಶಾಶ್ವತವಾಗಿ ಕಂದು ಕಲೆ ಉಳಿಯುತ್ತದೆ. ಸೂಜಿಯ ಬಳಿ ಉರಿ, ಊತ, ನೋವು ಬಂದರೆ ಸಹಿಸಿಕೊಂಡು ಕೂರಬೇಡಿ, ಕೂಡಲೇ ಸಿಸ್ಟರನ್ನು ಕರೆದು ನಿಲ್ಲಿಸಲು ಹೇಳಿ. 1000 ಮಿಲಿಗ್ರಾಂ ಎಫ್‌ಸಿಎಂ ಆದರೆ 250 ಎಂಎಲ್ ಮೀರದ ನಾರ್ಮಲ್ ಸಲೈನ್‌ನಲ್ಲಿ ಬೆರೆಸಿ ಕನಿಷ್ಠ 15 ನಿಮಿಷ, ಸಾಮಾನ್ಯವಾಗಿ ಅರ್ಧ ಗಂಟೆ ಬಿಡುತ್ತಾರೆ. ಗ್ಲೂಕೋಸ್ ಬಾಟಲಿಯಲ್ಲಿ ಬೆರೆಸುವಂತಿಲ್ಲ, ದೊಡ್ಡ ಬಾಟಲಿಯಲ್ಲಿ ತೀರ ತೆಳು ಮಾಡುವಂತೆಯೂ ಇಲ್ಲ, ಔಷಧಿ ಒಡೆಯುತ್ತದೆ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ಬಸ್ಸಿಗೆ ಹೊತ್ತಾಯಿತೆಂದು ಏಳಬೇಡಿ. ತೀವ್ರ ಅಲರ್ಜಿ ಬಹಳ ಅಪರೂಪ, ಆದರೆ ಆಗುವುದಾದರೆ ಈ ಹೊತ್ತಿನಲ್ಲೇ. ಆದ್ದರಿಂದಲೇ ಅಡ್ರಿನಲಿನ್, ಆಕ್ಸಿಜನ್ ಇರುವ ಜಾಗದಲ್ಲಿ, ಡಾಕ್ಟರು ಇರುವಾಗ ಮಾತ್ರ ಇದನ್ನು ಹಾಕಿಸಿಕೊಳ್ಳಬೇಕು. ಮನೆಗೆ ಬಂದು ಹಾಕುತ್ತೇನೆಂದರೆ ಒಪ್ಪಬೇಡಿ.

ಬಾಯಲ್ಲಿ ಲೋಹದ ರುಚಿ, ಮುಖ ಬಿಸಿಯಾಗುವುದು, ತಲೆನೋವು, ಮಾರನೇ ದಿನ ಮೈಕೈ ನೋವು ಬರಬಹುದು. ಪ್ಯಾರಸಿಟಮಾಲ್‌ಗೆ ಬಗ್ಗುತ್ತವೆ. ಉಸಿರು ಕಟ್ಟಿದಂತಾದರೆ, ಮೈಯೆಲ್ಲ ದದ್ದು ಎದ್ದರೆ, ತುಟಿ ಊದಿದರೆ ಅದು ಬೇರೆ ವಿಷಯ, ತಕ್ಷಣ ಕೂಗಿ. ಮೊದಲ ಮೂರು ತಿಂಗಳಲ್ಲಿ, ಜ್ವರ ಅಥವಾ ಸೋಂಕು ಇರುವಾಗ, ಹಿಂದೆ ಕಬ್ಬಿಣದ ಇಂಜೆಕ್ಷನ್ನಿಗೆ ಅಲರ್ಜಿ ಆಗಿದ್ದವರಿಗೆ ಇದನ್ನು ಕೊಡುವುದಿಲ್ಲ.

ಡ್ರಿಪ್ ಹಾಕಿದ ಮಾರನೇ ದಿನವೇ ಹಿಮೋಗ್ಲೋಬಿನ್ ನೋಡಿ ಏರಿಲ್ಲ ಎಂದು ಬೇಸರಪಡುವವರಿದ್ದಾರೆ. ಕೊಟ್ಟದ್ದು ರಕ್ತವಲ್ಲ, ಕಚ್ಚಾ ಸಾಮಗ್ರಿ. ಮೂಳೆಮಜ್ಜೆ ಅದರಿಂದ ಕಣ ಕಟ್ಟಬೇಕು. ಒಂದೆರಡು ವಾರದಿಂದ ಏರಿಕೆ ಕಾಣುತ್ತದೆ, ನಾಲ್ಕು ವಾರಕ್ಕೆ ಎರಡು ಗ್ರಾಂ ಸುತ್ತಮುತ್ತ ಏರುವುದು ಸಾಮಾನ್ಯ. ನಿಮಗೆ 34ನೇ ವಾರದಲ್ಲಿ ಮತ್ತೆ ಸಿಬಿಸಿ. ಫೆರಿಟಿನ್ ಆಗ ನೋಡಬೇಡಿ, ಡ್ರಿಪ್ಪಿನ ಕಬ್ಬಿಣದಿಂದ ಅದು ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಡ್ರಿಪ್ ನಡೆಯುವಷ್ಟು ದಿನ ಕಬ್ಬಿಣದ ಮಾತ್ರೆ ನಿಲ್ಲಿಸಿ, ಫೋಲಿಕ್ ಆಸಿಡ್ ಒಂದನ್ನೇ ಮುಂದುವರಿಸಿ. ಕೊನೆಯ ಡ್ರಿಪ್ ಆಗಿ ಐದು ದಿನ ಕಳೆದ ಮೇಲೆ ಡಾಕ್ಟರು ಹೇಳಿದಂತೆ ಕೆಂಪು ಮಾತ್ರೆ ಮತ್ತೆ ಶುರು.

ಈಗ ಹೆರಿಗೆಯ ಮಾತು. ಮುಚ್ಚಿಡದೆ ಹೇಳಬೇಕಾದ್ದು ಇದು. ಸಹಜ ಹೆರಿಗೆಯಲ್ಲಿ ಅರ್ಧ ಲೀಟರ್‌ವರೆಗೆ, ಸಿಸೇರಿಯನ್‌ನಲ್ಲಿ ಒಂದು ಲೀಟರ್‌ವರೆಗೆ ರಕ್ತ ಹೋಗುವುದನ್ನು ಆರೋಗ್ಯವಂತ ಬಸುರಿ ತಡೆದುಕೊಳ್ಳುತ್ತಾಳೆ. ಬಸಿರಿನಲ್ಲಿ ರಕ್ತದ ಪ್ರಮಾಣ ಹೆಚ್ಚುವುದೇ ಈ ನಷ್ಟಕ್ಕೆ ತಯಾರಿ. ಹಿಮೋಗ್ಲೋಬಿನ್ 12 ಇದ್ದವಳಿಗೆ ಅರ್ಧ ಲೀಟರ್ ಹೋದರೂ ಸುಸ್ತಾದೀತು, ಅಷ್ಟೇ. 7 ಇದ್ದವಳಿಗೆ ಅಷ್ಟೇ ರಕ್ತ ಹೋದರೆ ಮೆದುಳು, ಹೃದಯಕ್ಕೆ ಹೋಗುವ ಆಮ್ಲಜನಕ ಸಾಲದಾಗುತ್ತದೆ. ಜೊತೆಗೆ ರಕ್ತಸ್ರಾವ ಆಗುವ ಸಂಭವವೇ ಅವಳಲ್ಲಿ ಹೆಚ್ಚು. ಮಾಸು ಬಿದ್ದ ಮೇಲೆ ರಕ್ತ ನಿಲ್ಲಿಸುವುದು ಗರ್ಭಕೋಶದ ಸ್ನಾಯುವಿನ ಬಿಗಿತ. ಆಮ್ಲಜನಕ ಸಾಲದ ಸ್ನಾಯು ಚೆನ್ನಾಗಿ ಬಿಗಿಯಲಾರದು. ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ರಕ್ತಹೀನತೆ ಇದ್ದ ಹತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಸಹಜ ಹೆರಿಗೆಗಳನ್ನು ನೋಡಿದ, 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಧ್ಯಮ ರಕ್ತಹೀನತೆ ಇದ್ದವರಲ್ಲಿ ನೂರಕ್ಕೆ ಸುಮಾರು 6 ಜನರಿಗೆ, ತೀವ್ರ ಇದ್ದವರಲ್ಲಿ ಸುಮಾರು 11 ಜನರಿಗೆ ಹೆರಿಗೆ ನಂತರದ ಅತಿಸ್ರಾವವಾಯಿತು. ಸಾವು ಅಥವಾ ಸಾವಿನಂಚಿಗೆ ಹೋಗುವ ಸಂಭವ ಮಧ್ಯಮಕ್ಕಿಂತ ತೀವ್ರದಲ್ಲಿ ಏಳು ಪಟ್ಟು. ನಿಮ್ಮನ್ನು 7ರ ಗೆರೆಯಿಂದ ದೂರ ಎಳೆದು ತರಬೇಕೆನ್ನುವುದು ಈ ಏಳು ಪಟ್ಟಿಗಾಗಿ.

ಇನ್ನೊಂದು ಅಪಾಯ ಹೃದಯದ್ದು. ಮಗು ಹೊರಬಂದ ಕೂಡಲೇ ಗರ್ಭಕೋಶ ಬಿಗಿದು, ಅದರಲ್ಲಿದ್ದ ರಕ್ತ ಒಮ್ಮೆಗೇ ಹೃದಯದ ಕಡೆ ನುಗ್ಗುತ್ತದೆ. ತಿಂಗಳುಗಟ್ಟಲೆ ತೆಳು ರಕ್ತವನ್ನು ಜೋರಾಗಿ ಒತ್ತಿ ದಣಿದ ಹೃದಯ, ತೀವ್ರ ರಕ್ತಹೀನತೆಯಲ್ಲಿ, ಆ ಹೊರೆಗೆ ಸೋಲಬಹುದು, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಹಿಮೋಗ್ಲೋಬಿನ್ ತೀರ ಕಡಿಮೆ ಇರುವವರಿಗೆ ಸುಸ್ತೆಂದು ಗ್ಲೂಕೋಸ್ ಬಾಟಲಿ ಮೇಲೆ ಬಾಟಲಿ ಏರಿಸುವುದು ಇದೇ ಕಾರಣಕ್ಕೆ ಅಪಾಯ. ಕೊನೆಯ ಮೂರು ತಿಂಗಳಲ್ಲಿ 7ಕ್ಕಿಂತ ಇಳಿದರೆ ಆಸ್ಪತ್ರೆಗೆ ದಾಖಲಾಗಬೇಕು, ಹೆರಿಗೆ ಹತ್ತಿರವಿದ್ದರೆ ರಕ್ತವನ್ನೇ ಕೊಡಬೇಕಾಗುತ್ತದೆ. 5ಕ್ಕಿಂತ ಕಡಿಮೆಯಾದರೆ ಯಾವ ತಿಂಗಳಾದರೂ ಸರಿ, ರಕ್ತವೇ. ಒಂದು ಯೂನಿಟ್ ಕೆಂಪು ಕಣ ಸುಮಾರು ಒಂದು ಗ್ರಾಂ ಏರಿಸುತ್ತದೆ, ಅದನ್ನು ನಿಧಾನವಾಗಿ ಕೊಡಬೇಕು.

ಡ್ರಿಪ್ ಆದರೂ ಹೆರಿಗೆಯ ಜಾಗವನ್ನು ಈಗಲೇ ಗೊತ್ತುಮಾಡಿ. ಮನೆ ಬೇಡ, ರಕ್ತ ಸಿಗದ ಸಣ್ಣ ಕೇಂದ್ರವೂ ಬೇಡ. ರಕ್ತನಿಧಿ ಅಥವಾ ರಕ್ತ ಸಂಗ್ರಹ ಘಟಕ ಇರುವ, ರಾತ್ರಿಯೂ ಸಿಸೇರಿಯನ್ ಮಾಡಬಲ್ಲ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಆಗಬೇಕು. ತವರಿಗೆ ಹೆರಿಗೆಗೆ ಹೋಗುವುದಾದರೆ ಆ ಊರಿನ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು 34ನೇ ವಾರದೊಳಗೆ ನೋಡಿಕೊಂಡು, ಅಲ್ಲೇ ಒಮ್ಮೆ ತೋರಿಸಿ ಬನ್ನಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಬರೆದಿರಲಿ. ನೆಗೆಟಿವ್ ಗುಂಪಾದರೆ ದಾನಿಗಳನ್ನು ಮುಂಚೆಯೇ ಹುಡುಕಿಕೊಳ್ಳಿ. ನೋವು ಶುರುವಾದಾಗ ಕಾಯದೆ 108 ಕರೆಯಿರಿ.

ಹೆರಿಗೆ ಕೋಣೆಗೆ ಹೋದ ಕೂಡಲೇ ನನಗೆ ರಕ್ತಹೀನತೆ ಇತ್ತು, ಡ್ರಿಪ್ ಹಾಕಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳಿ, ಕಾರ್ಡು ತೋರಿಸಿ. ಹಾಗೆ ಹೇಳಿದರೆ ಅವರು ಮೊದಲೇ ಕೈಗೆ ಸೂಜಿ ಹಾಕಿಡುತ್ತಾರೆ, ರಕ್ತ ಹೊಂದಾಣಿಕೆ ನೋಡಿಡುತ್ತಾರೆ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಗರ್ಭಕೋಶವನ್ನು ಬಿಗಿಸುವ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಎಲ್ಲ ತಾಯಂದಿರಿಗೂ ಕೊಡಬೇಕು, ನಿಮಗಂತೂ ತಪ್ಪಲೇಬಾರದು. ಮಗು ಅತ್ತು ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿಯನ್ನು ಒಂದರಿಂದ ಮೂರು ನಿಮಿಷ ಬಿಟ್ಟು ಕತ್ತರಿಸಲು ಕೇಳಿ. ಆ ಹೊತ್ತಿನಲ್ಲಿ ಮಾಸಿನಲ್ಲಿದ್ದ ರಕ್ತ ಮಗುವಿಗೆ ಹರಿದು, ಮುಂದಿನ ತಿಂಗಳುಗಳ ಕಬ್ಬಿಣ ಅದಕ್ಕೆ ಅಲ್ಲೇ ಸಿಗುತ್ತದೆ. ತಾಯಿಗೆ ಇದರಿಂದ ರಕ್ತಸ್ರಾವ ಹೆಚ್ಚುವುದಿಲ್ಲ.

ಅಲ್ಲಿಯವರೆಗೆ, ಮಲಗಿದರೆ ಉಸಿರು ಸಿಕ್ಕದಂತಾದರೆ, ಕುಳಿತಲ್ಲೇ ಎದೆ ಡವಗುಟ್ಟಿದರೆ, ಮುಖ ಕೈ ಊದಿಕೊಂಡರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ರಕ್ತ ಕಾಣಿಸಿಕೊಂಡರೆ ಮುಂದಿನ ಭೇಟಿಯ ತಾರೀಖು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಹೆರಿಗೆಯಾದ ಮೇಲೆ ಬಾಣಂತನದ ಪಥ್ಯದಲ್ಲಿ ಕೆಂಪು ಮಾತ್ರೆಯನ್ನು ಉಷ್ಣವೆಂದು ನಿಲ್ಲಿಸಬೇಡಿ. ದಿನಕ್ಕೆ ಒಂದರಂತೆ 180 ದಿನ ನುಂಗಬೇಕು. ಸೊಪ್ಪು, ಕಾಳು ಬಾಣಂತಿಗೆ ಬೇಡವೆಂದು ಬರೀ ಅನ್ನ ತಿಳಿಸಾರು ಕೊಡುವ ಮನೆಯಾದರೆ ಆ ಪಥ್ಯವನ್ನೂ ಅತ್ತೆಯವರ ಜೊತೆ ಕೂತು ಮಾತಾಡಿ ಸಡಿಲಿಸಿ. ಆರನೇ ವಾರ ಮಗುವಿನ ಲಸಿಕೆಗೆ ಹೋದಾಗ ನಿಮ್ಮ ರಕ್ತವನ್ನೂ ಕೊಟ್ಟು ಸಿಬಿಸಿ ಮಾಡಿಸಿ. ಮಾತ್ರೆ ಪಟ್ಟಿಯನ್ನು ಮಾತ್ರ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಕೆಂಪು ಬಣ್ಣ ನೋಡಿ ಪೆಪ್ಪರಮೆಂಟೆಂದು ಮಗು ನಾಲ್ಕಾರು ನುಂಗಿದರೂ ಪ್ರಾಣಕ್ಕೆ ಅಪಾಯ.